ಕಣ್ಣು ಓದಿದ್ದನ್ನು ಕಿವಿಗೆ ಮತ್ತೆ ಹೇಳುವುದೇಕೆ?

ವೆಬಿನಾರ್‌ನಲ್ಲಿ ಸ್ವಾಗತದ ಮಾತು ಮುಗಿಯುತ್ತಿದ್ದಂತೆ ಪರದೆಯ ಮೇಲೆ ಒಂದು ಸ್ಲೈಡ್ ಬರುತ್ತದೆ. ಐದು ಭಾವಚಿತ್ರ, ಐದು ಹೆಸರು, ಪ್ರತಿ ಹೆಸರಿನ ಕೆಳಗೆ ಪದವಿ, ಹುದ್ದೆ, ಸಂಸ್ಥೆ, ಪ್ರಶಸ್ತಿ ಎಂದು ನಾಲ್ಕೈದು ಸಾಲು. ನಾಲ್ವರು ಸಂವಾದದ ಅತಿಥಿಗಳು, ಐದನೆಯವರು ಸಂವಾದ ನಡೆಸಿಕೊಡುವವರು. ಸ್ಲೈಡ್ ಬಂದ ಕೂಡಲೇ ಆಯೋಜಕರ ಧ್ವನಿ ಅದೇ ಸಾಲುಗಳನ್ನು ಮೊದಲಿನಿಂದ ಓದತೊಡಗುತ್ತದೆ. ಕೇಳುತ್ತಿರುವವರು ಅಷ್ಟರಲ್ಲಿ ಸ್ಲೈಡ್ ಓದಿ ಮುಗಿಸಿರುತ್ತಾರೆ. ಇನ್ನು ಎಂಟು ಹತ್ತು ನಿಮಿಷ ಅವರಿಗೆ ಹೊಸದೇನೂ ಸಿಗುವುದಿಲ್ಲ. ಬೇರೆ ಕಿಟಕಿ ತೆರೆದು ಮಿಂಚಂಚೆ ನೋಡಲು ಹೋದವರು ಮೊದಲ ಅತಿಥಿ ಮಾತು ಶುರುಮಾಡಿದಾಗ ವಾಪಸ್ ಬರುತ್ತಾರೆ ಎಂದೇನಿಲ್ಲ. ಪರಿಚಯದ ಹೊತ್ತಿನಲ್ಲಿ ಸ್ಲೈಡು ಒಂದು ಕೆಲಸ ಮಾಡಬೇಕು, ಧ್ವನಿ ಇನ್ನೊಂದು ಕೆಲಸ ಮಾಡಬೇಕು ಎಂಬುದು ನನ್ನ ವಾದ. ಇವರು ಯಾರು ಎಂಬುದನ್ನು ಸ್ಲೈಡ್ ಹೇಳಲಿ. ಇವತ್ತಿನ ಪ್ರಶ್ನೆಗೆ ಇವರೇ ಏಕೆ ಬೇಕಾದರು ಎಂಬುದನ್ನು ಧ್ವನಿ ಹೇಳಲಿ. ಎರಡನೆಯದನ್ನು ಯಾವ ಸ್ಲೈಡೂ ಹೇಳುವುದಿಲ್ಲ, ಹಾಗಾಗಿಯೇ ಅದು ಹೆಚ್ಚಿನ ವೆಬಿನಾರ್‌ಗಳಲ್ಲಿ ಯಾರ ಬಾಯಿಂದಲೂ ಬರದೆ ಉಳಿದುಬಿಡುತ್ತದೆ.

ಕಣ್ಣು ಕಿವಿಗಳ ವೇಗ ಬೇರೆ ಬೇರೆ ಎಂಬುದನ್ನು ಮೊದಲು ನೋಡೋಣ. ಓದಿನ ವೇಗದ ಬಗ್ಗೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾರ್ಕ್ ಬ್ರಿಸ್‌ಬಾರ್ಟ್ ಎಂಬ ಮನೋವಿಜ್ಞಾನಿ 2019ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಇಂಗ್ಲಿಷ್ ಓದುವ ವಯಸ್ಕರು ಮನಸ್ಸಿನಲ್ಲೇ ಓದಿಕೊಂಡರೆ ನಿಮಿಷಕ್ಕೆ ಸರಾಸರಿ 238 ಪದ, ಗಟ್ಟಿಯಾಗಿ ಓದಿದರೆ 183 ಪದ. ಕನ್ನಡದ ಪದಗಳು ಉದ್ದ, ನಮ್ಮ ಅಂಕಿಗಳು ಬೇರೆಯೇ ಇರುತ್ತವೆ. ಆದರೆ ಬಾಯಿ ಕಣ್ಣಿಗಿಂತ ಹಿಂದೆ ಬೀಳುತ್ತದೆ ಎಂಬುದು ಯಾವ ಭಾಷೆಯ ಓದುಗರಿಗೂ ಅನುಭವಕ್ಕೆ ಬರುವ ಮಾತು. ಇನ್ನು ಸಭೆಯಲ್ಲಿ ಪರಿಚಯ ಓದುವವರು ಗೌರವಕ್ಕಾಗಿ ನಿಧಾನಿಸುತ್ತಾರೆ, ಸಂಸ್ಥೆಯ ಪೂರ್ಣ ಹೆಸರು ಹೇಳುತ್ತಾರೆ, ನಡುವೆ ಉಸಿರು ತೆಗೆದುಕೊಳ್ಳುತ್ತಾರೆ. ಸ್ಲೈಡ್ ಮೇಲೆ ಐದು ಮಂದಿಯ ವಿವರ ಒಟ್ಟಿಗೇ ಇದ್ದರಂತೂ ಕೇಳುಗರ ಕಣ್ಣು ಕೊನೆಯ ಭಾವಚಿತ್ರ ತಲುಪಿದಾಗ ಧ್ವನಿ ಇನ್ನೂ ಮೊದಲನೆಯವರ ಎರಡನೇ ಪದವಿಯಲ್ಲಿರುತ್ತದೆ.

ಇದರಿಂದಾಗುವ ನಷ್ಟ ಬೇಸರವೊಂದೇ ಅಲ್ಲ. ಮನಸ್ಸಿನಲ್ಲೇ ಓದುವಾಗಲೂ ನಮ್ಮೊಳಗೆ ಒಂದು ಧ್ವನಿ ಪದಗಳನ್ನು ಉಚ್ಚರಿಸುತ್ತಿರುತ್ತದೆ. ಅದೇ ಹೊತ್ತಿಗೆ ಹೊರಗಿನಿಂದ ಇನ್ನೊಂದು ಧ್ವನಿ ಬೇರೆ ಸಾಲನ್ನು ಹೇಳತೊಡಗಿದರೆ ಎರಡೂ ಒಂದೇ ದಾರಿಗೆ ನುಗ್ಗುತ್ತವೆ. ಕ್ಯಾಲಿಫೋರ್ನಿಯಾದ ರಿಚರ್ಡ್ ಮೇಯರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮಿಂಚು ಹೇಗೆ ಉಂಟಾಗುತ್ತದೆ ಎಂಬ ಪಾಠವನ್ನು ವಿದ್ಯಾರ್ಥಿಗಳಿಗೆ ಚಲಿಸುವ ಚಿತ್ರ ಮತ್ತು ವಿವರಣೆಯೊಂದಿಗೆ ತೋರಿಸಲಾಯಿತು. ಕೆಲವರಿಗೆ ವಿವರಣೆಯ ಮಾತುಗಳು ಪರದೆಯ ಮೇಲೆ ಅಕ್ಷರದಲ್ಲೂ ಬಂದವು. ಹೆಚ್ಚು ಕೊಟ್ಟರೆ ಹೆಚ್ಚು ತಿಳಿಯಬೇಕಿತ್ತು, ಆದರೆ ಅಕ್ಷರ ಕಂಡವರೇ ಪಾಠವನ್ನು ಹೊಸ ಸಮಸ್ಯೆಗೆ ಅನ್ವಯಿಸುವ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಈ ಪ್ರಯೋಗವನ್ನು ಹಿಗ್ಗಿಸಿ ಹೇಳಬಾರದು. ಅದು ಪಾಠದ ಬಗ್ಗೆ, ಪರಿಚಯದ ಬಗ್ಗೆ ಅಲ್ಲ. ಪರದೆಯ ಮೇಲೆ ಚಿತ್ರವಿಲ್ಲದೆ ಅಕ್ಷರ ಮಾತ್ರ ಇದ್ದು, ಧ್ವನಿ ಅದನ್ನೇ ಅಕ್ಷರಶಃ ಓದಿದರೆ ಇಂಥ ತೊಂದರೆ ಆಗಲೇಬೇಕೆಂದೂ ಇಲ್ಲ. ಮೇಯರ್ ಅವರೇ 2008ರಲ್ಲಿ ಚೆರಿಲ್ ಜಾನ್ಸನ್ ಜೊತೆ ಬರೆದ ಲೇಖನದಲ್ಲಿ ತಮ್ಮ ನಿಯಮವನ್ನು ತಿದ್ದಿಕೊಂಡರು. ಚಿತ್ರದ ಪಕ್ಕದಲ್ಲಿ ಎರಡು ಮೂರು ಪದಗಳ ಚೀಟಿಯಷ್ಟೇ ಇದ್ದರೆ ಅದು ನೆನಪಿಗೆ ನೆರವಾಗುತ್ತದೆ ಎಂದು ಅವರಿಗೆ ಕಂಡಿತು.

ಈ ತಿದ್ದುಪಡಿ ನಮ್ಮ ವಿಷಯಕ್ಕೆ ಮೂಲ ನಿಯಮಕ್ಕಿಂತ ಹೆಚ್ಚು ಉಪಯುಕ್ತ. ಪರಿಚಯದ ಸ್ಲೈಡಿನಲ್ಲಿ ಭಾವಚಿತ್ರ, ಹೆಸರು, ಈಗಿನ ಕೆಲಸ ಇಷ್ಟೇ ಇದ್ದರೆ ಧ್ವನಿಗೂ ಅದಕ್ಕೂ ಜಗಳವಿಲ್ಲ. ಜಗಳ ಹತ್ತುವುದು ಸ್ಲೈಡಿನಲ್ಲಿ ಪೂರ್ತಿ ವಾಕ್ಯಗಳಿದ್ದಾಗ. ಇನ್ನೂ ಕೆಟ್ಟದ್ದು, ಧ್ವನಿ ಅದೇ ವಾಕ್ಯಗಳನ್ನು ಸ್ವಲ್ಪ ಬದಲಿಸಿ ಹೇಳಿದಾಗ. ಸ್ಲೈಡು ‘ಮೂವತ್ನಾಲ್ಕು ವರ್ಷದ ಸೇವೆ’ ಎನ್ನುತ್ತದೆ, ಧ್ವನಿ ‘ಮೂರು ದಶಕಕ್ಕೂ ಹೆಚ್ಚು ಅನುಭವ’ ಎನ್ನುತ್ತದೆ. ಎರಡೂ ಒಂದೇ ಸಂಗತಿ ಎಂದು ಹೊಂದಿಸಿ ನೋಡುವ ಕೆಲಸ ಕೇಳುಗರ ತಲೆಗೆ ಬೀಳುತ್ತದೆ. ಅದರಿಂದ ಅವರಿಗೆ ಸಿಗುವುದು ಏನೂ ಇಲ್ಲ.

ಹೊತ್ತಿನ ಲೆಕ್ಕವೂ ಇದೆ. ವೆಬಿನಾರ್ ಒಂದು ಗಂಟೆಯದು ಎಂದುಕೊಳ್ಳೋಣ. ಸ್ವಾಗತಕ್ಕೆ ಮೂರು ನಿಮಿಷ, ವಂದನಾರ್ಪಣೆಗೆ ಎರಡು, ಕೇಳುಗರ ಪ್ರಶ್ನೆಗಳಿಗೆ ಹದಿನೈದು ತೆಗೆದರೆ ಉಳಿಯುವುದು ನಲವತ್ತು. ಒಬ್ಬೊಬ್ಬರ ಪರಿಚಯಕ್ಕೆ ಎರಡು ನಿಮಿಷದಂತೆ ಐದು ಮಂದಿಗೆ ಹತ್ತು ನಿಮಿಷ ಹೋದರೆ ನಾಲ್ವರು ಅತಿಥಿಗಳಿಗೆ ತಲಾ ಏಳೂವರೆ ನಿಮಿಷ ಸಿಗುತ್ತದೆ. ಪರಿಚಯವನ್ನು ಒಟ್ಟು ಮೂರು ನಿಮಿಷಕ್ಕೆ ಇಳಿಸಿದರೆ ತಲಾ ಒಂಬತ್ತು ನಿಮಿಷಕ್ಕೂ ಹೆಚ್ಚು. ವಾಸ್ತವದಲ್ಲಿ ಕಡಿತವಾಗುವುದು ಅತಿಥಿಗಳ ಪಾಲಲ್ಲ, ಕೊನೆಯ ಪ್ರಶ್ನೋತ್ತರದ ಪಾಲು. ಪರಿಚಯ ಉದ್ದವಾದ ವೆಬಿನಾರ್‌ಗಳಲ್ಲೇ ‘ಸಮಯದ ಅಭಾವದಿಂದ ಎರಡೇ ಪ್ರಶ್ನೆ ತೆಗೆದುಕೊಳ್ಳುತ್ತೇವೆ’ ಎಂಬ ಮಾತು ಕೇಳಿಬರುವುದು ಆಕಸ್ಮಿಕವಲ್ಲ.

ಹಾಗಾದರೆ ಧ್ವನಿ ಏನು ಹೇಳಬೇಕು? ಒಂದು ಉದಾಹರಣೆಯನ್ನು ಪೂರ್ತಿ ಕಟ್ಟಿ ನೋಡೋಣ. ವಿಷಯ ಕಲ್ಪಿತವಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಗೆ ದಿನಕ್ಕೆ 44 ಕೋಟಿ ಲೀಟರ್ ನೀರು ಕೊಡುವ ಗುರಿಯಿಟ್ಟ ಈ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂಬ ಆಕ್ಷೇಪ ಆಗಿನಿಂದಲೂ ಇದೆ, ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಈ ವಿಷಯದ ಮೇಲೆ ಒಂದು ವೆಬಿನಾರ್ ನಡೆಯುತ್ತಿದೆ ಎಂದುಕೊಳ್ಳಿ. ಅತಿಥಿಗಳು ಮಾತ್ರ ಕಲ್ಪಿತರು. ಸಣ್ಣ ನೀರಾವರಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್, ಅಂತರ್ಜಲ ಅಧ್ಯಯನ ಮಾಡುವ ಪ್ರಾಧ್ಯಾಪಕರು, ಕೋಲಾರ ತಾಲ್ಲೂಕಿನ ಒಬ್ಬ ರೈತ ಮಹಿಳೆ, ಮಣ್ಣು ಮತ್ತು ತರಕಾರಿಯ ಮಾದರಿಗಳನ್ನು ಪರೀಕ್ಷಿಸುವ ಕೃಷಿ ವಿಜ್ಞಾನಿ. ನಡೆಸಿಕೊಡುವವರು ಒಬ್ಬ ಪತ್ರಕರ್ತೆ.

ಈ ಐವರ ಸ್ಲೈಡ್ ಹೇಗಿರುತ್ತದೆ ಎಂದು ಊಹಿಸುವುದು ಸುಲಭ. ಪ್ರಾಧ್ಯಾಪಕರ ಕೆಳಗೆ ಎಂಟು ಸಾಲು, ಕೃಷಿ ವಿಜ್ಞಾನಿಯ ಕೆಳಗೆ ಆರು, ಎಂಜಿನಿಯರ್ ಕೆಳಗೆ ಐದು. ರೈತ ಮಹಿಳೆಯ ಹೆಸರಿನ ಕೆಳಗೆ ‘ಪ್ರಗತಿಪರ ರೈತರು, ಕೋಲಾರ’ ಎಂಬ ಒಂದೇ ಸಾಲು. ಆಯೋಜಕರು ಇದನ್ನು ಇದ್ದಂತೆ ಓದಿದರೆ ಪ್ರಾಧ್ಯಾಪಕರಿಗೆ ಎರಡೂವರೆ ನಿಮಿಷ, ಆಕೆಗೆ ಐದು ಸೆಕೆಂಡು. ನಾಲ್ವರಲ್ಲಿ ಆ ನೀರನ್ನು ಜಮೀನಿಗೆ ಹಾಯಿಸಿ ಬೆಳೆ ತೆಗೆಯುವವರು ಆಕೆಯೊಬ್ಬರೇ, ಆದರೂ ಸಂವಾದ ಶುರುವಾಗುವ ಮೊದಲೇ ಆಕೆಯ ಮಾತಿನ ತೂಕ ಕಡಿಮೆಯಾಗಿಬಿಟ್ಟಿತು. ಸ್ಲೈಡ್ ಓದುವ ಪದ್ಧತಿಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಬೇಸರವನ್ನಾದರೂ ಸಹಿಸಿಕೊಳ್ಳಬಹುದು. ಸ್ವವಿವರದ ಉದ್ದವೇ ಮನುಷ್ಯರ ಅಳತೆಯಾಗುವುದನ್ನು ಸಹಿಸಬಾರದು. ಪ್ರಕಟಣೆ, ಪ್ರಶಸ್ತಿಗಳ ಪಟ್ಟಿ ಕೆಲವು ವೃತ್ತಿಗಳಲ್ಲಿ ತಾನಾಗಿಯೇ ಬೆಳೆಯುತ್ತದೆ, ಕೆಲವುಗಳಲ್ಲಿ ಜೀವಮಾನವೆಲ್ಲ ದುಡಿದರೂ ಬೆಳೆಯುವುದಿಲ್ಲ.

ಈಗ ಪ್ರಶ್ನೆಯಿಂದ ಶುರುಮಾಡಿ ನೋಡೋಣ. ಆಯೋಜಕರು ಮೊದಲು ಸಂವಾದದ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಹೇಳುತ್ತಾರೆ, ‘ಬೆಂಗಳೂರು ಬಳಸಿ ಬಿಟ್ಟ ನೀರು ಕೋಲಾರದ ಕೆರೆಯಿಂದ ನೆಲಕ್ಕಿಳಿದು, ಕೊಳವೆಬಾವಿಗೆ ಬಂದು, ಬೆಳೆಗೆ ಹಾದು, ನಮ್ಮ ತಟ್ಟೆಗೆ ಬರುವವರೆಗೆ ಏನಾಗುತ್ತದೆ?’ ಅತಿಥಿಗಳ ಕ್ರಮವನ್ನೂ ಈ ಪ್ರಶ್ನೆಯೇ ಕೊಟ್ಟುಬಿಟ್ಟಿತು. ನೀರು ಸಾಗಿದ ದಾರಿಯಲ್ಲೇ ಪರಿಚಯವೂ ಸಾಗಬಹುದು. ಎಂಜಿನಿಯರ್ ಬಗ್ಗೆ, ಹೆಸರು ಮತ್ತು ಹುದ್ದೆ ಹೇಳಿದ ಮೇಲೆ, ಇಷ್ಟು ಸಾಕು: ‘ಈ ನೀರು ಯಾವ ಕೆರೆಗೆ ಮೊದಲು, ಯಾವ ಕೆರೆಗೆ ಆಮೇಲೆ ಎಂಬ ತೀರ್ಮಾನ ಆದ ಸಭೆಗಳಲ್ಲಿ ಇವರಿದ್ದರು. ಒಂದೂರಿಗೆ ನೀರು ಬಂದು ಪಕ್ಕದೂರಿಗೆ ಬಾರದಿದ್ದದ್ದು ಏಕೆ ಎಂದು ಇವರನ್ನು ಕೇಳಬಹುದು.’ ಪ್ರಾಧ್ಯಾಪಕರ ಬಗ್ಗೆ: ‘ಕೆರೆ ತುಂಬಿದರೆ ಕೊಳವೆಬಾವಿಯೂ ತುಂಬುತ್ತದೆ ಎಂದು ನಾವೆಲ್ಲ ನಂಬುತ್ತೇವೆ. ನೀರು ಬರುವ ಮೊದಲೂ ಬಂದ ನಂತರವೂ ಅವೇ ಬಾವಿಗಳ ಮಟ್ಟ ಅಳೆದು ನೋಡಿದವರು ಇವರು.’ ರೈತ ಮಹಿಳೆಯ ಬಗ್ಗೆ: ‘ಟೊಮೆಟೊ ಮತ್ತು ಹಿಪ್ಪುನೇರಳೆ ಬೆಳೆಯುತ್ತಾರೆ. ಬಾವಿ ಬತ್ತಿದ ವರ್ಷಗಳನ್ನೂ ಮತ್ತೆ ನೀರು ಬಂದ ವರ್ಷಗಳನ್ನೂ ಒಂದೇ ಜಮೀನಿನಲ್ಲಿ ಕಂಡಿದ್ದಾರೆ. ಇಂದಿನ ನಾಲ್ವರಲ್ಲಿ ಈ ನೀರನ್ನು ದಿನವೂ ಬಳಸುವವರು ಇವರೊಬ್ಬರೇ.’ ಕೃಷಿ ವಿಜ್ಞಾನಿಯ ಬಗ್ಗೆ: ‘ಎರಡು ಹಂತದ ಶುದ್ಧೀಕರಣ ಸಾಕೇ ಎಂಬ ಜಗಳದಲ್ಲಿ ನೀರಿನ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ಇವರು ನೀರನ್ನು ದಾಟಿ ಮಣ್ಣಿಗೂ ಸೊಪ್ಪಿಗೂ ಹೋಗಿ ಪರೀಕ್ಷೆ ಮಾಡಿದ್ದಾರೆ.’

ಒಂದೊಂದನ್ನೂ ಗಟ್ಟಿಯಾಗಿ ಓದಿ ನೋಡಿ, ಹೆಸರು ಹುದ್ದೆ ಸೇರಿಸಿದರೂ ಅರ್ಧ ನಿಮಿಷ ಮೀರುವುದಿಲ್ಲ. ಇದರಲ್ಲಿ ಸ್ಲೈಡಿನ ಒಂದು ಪದವಿಯೂ ಒಂದು ಪ್ರಶಸ್ತಿಯೂ ಇಲ್ಲ, ಆದರೂ ಕೇಳುಗರಿಗೆ ಸ್ಲೈಡ್ ಕೊಡಲಾರದ ಮೂರು ಸಂಗತಿ ಸಿಕ್ಕವು. ಈ ವ್ಯಕ್ತಿಗೆ ವಿಷಯ ಗೊತ್ತಾದದ್ದು ಎಲ್ಲಿಂದ, ಉಳಿದ ಮೂವರಿಗಿಂತ ಇವರು ಹೇಗೆ ಬೇರೆ, ಇವರನ್ನು ಏನು ಕೇಳಬಹುದು. ಮೂರನೆಯದರ ಫಲ ಸಂವಾದದ ಕೊನೆಯಲ್ಲಿ ಕಾಣುತ್ತದೆ. ಯಾರನ್ನು ಏನು ಕೇಳಬೇಕು ಎಂದು ಗೊತ್ತಿರುವ ಕೇಳುಗರು ಚಾಟ್‌ನಲ್ಲಿ ಹೆಸರು ಹಿಡಿದು ಪ್ರಶ್ನೆ ಹಾಕುತ್ತಾರೆ. ಗೊತ್ತಿಲ್ಲದವರು ‘ಎಲ್ಲ ಅತಿಥಿಗಳಿಗೂ ಒಂದು ಪ್ರಶ್ನೆ’ ಎಂದು ಬರೆಯುತ್ತಾರೆ, ಆ ಒಂದಕ್ಕೆ ನಾಲ್ವರೂ ಉತ್ತರಿಸಿ ಹನ್ನೆರಡು ನಿಮಿಷ ಕಳೆಯುತ್ತದೆ. ಪರಿಚಯ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಚಾಟ್‌ನ ಪ್ರಶ್ನೆಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಇಲ್ಲಿ ಒಂದು ಗೆರೆ ದಾಟಬಾರದು. ಅತಿಥಿಗೆ ಗೊತ್ತಿರುವುದು ಎಲ್ಲಿಂದ ಎಂದು ಹೇಳುವುದು ಬೇರೆ, ಅವರು ಏನು ಹೇಳಲಿದ್ದಾರೆ ಎಂದು ಹೇಳಿಬಿಡುವುದು ಬೇರೆ. ‘ಬಾವಿಗಳ ಮಟ್ಟ ಏರಿದೆ ಎಂದು ತೋರಿಸಿಕೊಟ್ಟವರು’ ಎಂದು ಪ್ರಾಧ್ಯಾಪಕರನ್ನು ಪರಿಚಯಿಸಿದರೆ ಅವರ ಮಾತಿನ ತಿರುಳನ್ನು ಆಯೋಜಕರೇ ಆಡಿ ಮುಗಿಸಿದಂತಾಯಿತು. ಅಳೆದದ್ದರಲ್ಲಿ ಏರಿದ ಬಾವಿಯೂ ಏರದ ಬಾವಿಯೂ ಇದ್ದಿದ್ದರೆ ಪರಿಚಯವೇ ತಪ್ಪಾಯಿತು. ಹಾಗೆಯೇ ‘ಯೋಜನೆಯ ಕಟು ವಿಮರ್ಶಕರು’ ಎಂಬಂಥ ಚೀಟಿ ಹಚ್ಚಿದರೆ ಅವರು ಆಡುವ ಪ್ರತಿ ಮಾತನ್ನೂ ಕೇಳುಗರು ಆ ಚೀಟಿಯ ಮೂಲಕವೇ ಕೇಳುತ್ತಾರೆ. ಮಾಡಿದ ಕೆಲಸ ಹೇಳಿ, ತಳೆದ ನಿಲುವನ್ನು ಅವರಿಗೇ ಬಿಡಿ.

ನಡೆಸಿಕೊಡುವವರ ಪರಿಚಯಕ್ಕೆ ಅಳತೆಗೋಲೇ ಬೇರೆ. ಅತಿಥಿಗಳ ವಿಷಯದಲ್ಲಿ ಇವರಿಗೆ ಏನು ಗೊತ್ತು ಎಂಬುದು ಮುಖ್ಯವಾದರೆ, ನಡೆಸಿಕೊಡುವವರ ವಿಷಯದಲ್ಲಿ ಇವರು ಹೇಗೆ ಕೇಳುತ್ತಾರೆ, ಇವರನ್ನು ನಂಬಬಹುದೇ ಎಂಬುದು ಮುಖ್ಯ. ನಮ್ಮ ಉದಾಹರಣೆಯ ಪತ್ರಕರ್ತೆಯ ಬಗ್ಗೆ ಅವರ ಪತ್ರಿಕೆ, ಅವರಿಗೆ ಸಿಕ್ಕ ಪುರಸ್ಕಾರ ಎಲ್ಲ ಸ್ಲೈಡಿನಲ್ಲಿದೆ. ಧ್ವನಿ ಹೇಳಬೇಕಾದದ್ದು, ‘ಯೋಜನೆ ಬೇಕೆನ್ನುವ ಹಳ್ಳಿಗಳಿಗೂ ಬೇಡವೆನ್ನುವ ಹಳ್ಳಿಗಳಿಗೂ ಹೋಗಿ ವರದಿ ಮಾಡಿದ್ದಾರೆ. ಒಬ್ಬೊಬ್ಬರಿಗೂ ಎಂಟು ನಿಮಿಷ, ಮೀರಿದರೆ ನಡುವೆ ತಡೆಯುವ ಅಧಿಕಾರ ಇವರಿಗಿದೆ’. ಎರಡನೇ ವಾಕ್ಯ ಪರಿಚಯದಂತೆ ಕಾಣುವುದಿಲ್ಲ, ಆದರೆ ಅದಕ್ಕೆ ಅಲ್ಲೇ ಜಾಗ. ಹಿರಿಯ ಪ್ರಾಧ್ಯಾಪಕರ ಮಾತನ್ನು ಕಿರಿಯ ಪತ್ರಕರ್ತೆ ನಡುವೆ ತಡೆದರೆ ನಮ್ಮ ಸಭೆಗಳಲ್ಲಿ ಅದು ಉದ್ಧಟತನವಾಗಿ ಕಾಣುತ್ತದೆ. ಆ ಅಧಿಕಾರವನ್ನು ಎಲ್ಲರೆದುರು ಆಯೋಜಕರೇ ಕೊಟ್ಟಿದ್ದರೆ ಆಕೆಗೆ ಮುಜುಗರವಿಲ್ಲ, ಅವರಿಗೆ ಅವಮಾನವಿಲ್ಲ. ಪತ್ರಕರ್ತೆಗೆ ಯೋಜನೆಯೊಂದಿಗೆ ಏನಾದರೂ ನಂಟಿದ್ದರೆ, ಉದಾಹರಣೆಗೆ ಅವರ ಮನೆಯ ಜಮೀನು ಈ ನೀರು ಬರುವ ಕೆರೆಯೊಂದರ ಅಚ್ಚುಕಟ್ಟಿನಲ್ಲಿದ್ದರೆ, ಅದನ್ನೂ ಇಲ್ಲೇ ಹೇಳಬೇಕು. ಯಾವ ಸ್ಲೈಡೂ ಅದನ್ನು ಹೇಳುವುದಿಲ್ಲ. ನಡೆಸಿಕೊಡುವವರನ್ನು ಕೊನೆಗೆ ಪರಿಚಯಿಸುವುದು ಅನುಕೂಲ, ಏಕೆಂದರೆ ಆ ವಾಕ್ಯ ಮುಗಿಯುತ್ತಿದ್ದಂತೆ ಮಾತು ಅವರ ಕೈಗೆ ಹೋಗುತ್ತದೆ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದು ಕಣ್ಣು ಕಾಣದವರ ಪರವಾಗಿ ಬರುವ ಆಕ್ಷೇಪ. ಸ್ಲೈಡಿನಲ್ಲಿದೆ ಎಂದು ಬಾಯಿ ಬಿಡದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ? ಅವರು ಬಳಸುವ ಪರದೆ ಓದುವ ತಂತ್ರಾಂಶಕ್ಕೆ, ಅಂದರೆ ಸ್ಕ್ರೀನ್ ರೀಡರ್‌ಗೆ, ಝೂಮ್‌ನಂಥ ವೇದಿಕೆಯಲ್ಲಿ ಹಂಚಿಕೊಂಡ ಸ್ಲೈಡ್ ವಿಡಿಯೊ ಚಿತ್ರವಾಗಿ ಮಾತ್ರ ತಲುಪುತ್ತದೆ. ಅದರ ಅಕ್ಷರಗಳನ್ನು ಅದು ಓದಲಾರದು. ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಕೇಳುತ್ತಿರುವವರಿಗೂ, ನೆಟ್‌ವರ್ಕ್ ಸಾಲದೆ ಧ್ವನಿಯಷ್ಟೇ ಬರುತ್ತಿರುವ ಹಳ್ಳಿಯವರಿಗೂ ಸ್ಥಿತಿ ಇದೇ. ಈ ಆಕ್ಷೇಪ ಪೂರ್ತಿ ನ್ಯಾಯವಾದದ್ದು. ಆದ್ದರಿಂದಲೇ ಹೆಸರು ಮತ್ತು ಈಗಿನ ಕೆಲಸವನ್ನು ಧ್ವನಿ ಎಂದೂ ಬಿಡಬಾರದು. ಸ್ಲೈಡಿನಲ್ಲಿ ಇದ್ದರೂ ಹೇಳಲೇಬೇಕಾದದ್ದು ಅವೆರಡು ಮಾತ್ರ. ಹೆಸರಿನ ಉಚ್ಚಾರವಂತೂ ಎಲ್ಲರಿಗೂ ಧ್ವನಿಯಿಂದಲೇ ಸಿಗಬೇಕಾದದ್ದು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಹೆಸರಿನಲ್ಲಿ ‘ಳ’ ಯಾವುದು ‘ಲ’ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಇನ್ನು ಪದವಿ, ಪ್ರಶಸ್ತಿಗಳ ಪೂರ್ಣ ವಿವರವನ್ನು ಹಿಂದಿನ ದಿನದ ಮಿಂಚಂಚೆಯಲ್ಲಿ ಅಕ್ಷರರೂಪದಲ್ಲಿ ಕಳಿಸಿ, ಪರಿಚಯದ ಹೊತ್ತಿನಲ್ಲಿ ಚಾಟ್‌ಗೂ ಹಾಕಿದರೆ ಸ್ಕ್ರೀನ್ ರೀಡರ್ ಬಳಸುವವರು ತಮಗೆ ಬೇಕಾದಾಗ ಬೇಕಾದ ವೇಗದಲ್ಲಿ ಕೇಳಿಸಿಕೊಳ್ಳಬಹುದು. ಸ್ಲೈಡನ್ನು ಗಟ್ಟಿಯಾಗಿ ಓದಿದಾಗ ಆ ಆಯ್ಕೆಯೂ ಅವರಿಗೆ ಇರುವುದಿಲ್ಲ. ನೀರಿನ ದಾರಿಯಲ್ಲಿ ಒಬ್ಬೊಬ್ಬರನ್ನು ನಿಲ್ಲಿಸುವ ಪರಿಚಯ, ಮುಖ ಕಾಣದವರಿಗೇ ಹೆಚ್ಚು ನೆರವಾಗುತ್ತದೆ. ಭಾವಚಿತ್ರವಿಲ್ಲದೆ ನಾಲ್ಕು ಧ್ವನಿಗಳನ್ನು ಬೇರ್ಪಡಿಸಿಕೊಳ್ಳಲು ಪದವಿಗಳ ಪಟ್ಟಿಗಿಂತ ‘ಈ ನೀರನ್ನು ದಿನವೂ ಬಳಸುವವರು’ ಎಂಬ ಗುರುತು ಸುಲಭ.

ಎರಡನೇ ಆಕ್ಷೇಪ ಮರ್ಯಾದೆಯದು. ದೊಡ್ಡವರನ್ನು ಕರೆದು ಅವರ ಸಾಧನೆ ಹೇಳದಿದ್ದರೆ ಕರೆದು ಅವಮಾನಿಸಿದಂತಲ್ಲವೇ? ಕನ್ನಡದ ಸಭೆಗಳಲ್ಲಿ ಪರಿಚಯವೆಂಬುದು ಮಾಹಿತಿಗಿಂತ ಹೆಚ್ಚಾಗಿ ಸತ್ಕಾರ. ಹಾರ, ಶಾಲು, ಫಲತಾಂಬೂಲ ಕೊಡಲಾಗದ ವೆಬಿನಾರ್‌ನಲ್ಲಿ ಸತ್ಕಾರಕ್ಕೆ ಉಳಿದದ್ದು ಮಾತೊಂದೇ ಎಂಬ ಭಾವನೆಯಲ್ಲಿ ಸತ್ಯವಿದೆ. ಆದರೆ ಓದಿ ಹೇಳಿದ ಪಟ್ಟಿ ಸತ್ಕಾರವಾಗುತ್ತದೆಯೇ? ಆ ಪಟ್ಟಿ ಅತಿಥಿಯೇ ಬರೆದು ಕಳಿಸಿದ್ದು. ತಮ್ಮದೇ ವಾಕ್ಯಗಳನ್ನು ಮತ್ತೊಬ್ಬರ ಬಾಯಲ್ಲಿ ಕೇಳುತ್ತಾ ಕ್ಯಾಮೆರಾದ ಮುಂದೆ ಮುಖ ಹೇಗಿಟ್ಟುಕೊಳ್ಳಬೇಕೆಂದು ತಿಳಿಯದೆ ಕೂರುವುದು ಅವರಿಗೂ ಕಷ್ಟ. ಸಭಾಂಗಣದಲ್ಲಾದರೆ ಕೊನೆಗೆ ಚಪ್ಪಾಳೆಯಾದರೂ ಬೀಳುತ್ತದೆ, ಇಲ್ಲಿ ಎಲ್ಲರೂ ಮ್ಯೂಟ್. ಅವರ ಕೆಲಸವನ್ನು ಯಾರೋ ಓದಿ, ಅದರಲ್ಲಿ ಇಂದಿನ ಪ್ರಶ್ನೆಗೆ ಬೇಕಾದದ್ದನ್ನು ಆರಿಸಿ, ಒಂದು ವಾಕ್ಯದಲ್ಲಿ ಸರಿಯಾಗಿ ಹೇಳಿದ್ದಾರೆ ಎಂಬುದಕ್ಕಿಂತ ದೊಡ್ಡ ಗೌರವ ಒಬ್ಬ ವಿದ್ವಾಂಸರಿಗೆ ಬೇರೆ ಬೇಕಿಲ್ಲ. ಯಾವುದಾದರೂ ಒಂದು ಪ್ರಶಸ್ತಿಯನ್ನು ಹೇಳಲೇಬೇಕೆಂಬ ಸನ್ನಿವೇಶವಿದ್ದರೆ ಹೇಳಿ, ಆದರೆ ಅದು ಯಾವ ಕೆಲಸಕ್ಕೆ ಬಂತು ಎಂಬುದನ್ನೂ ಸೇರಿಸಿ. ಆಗ ಅದು ಸ್ಲೈಡಿನ ಪುನರುಕ್ತಿಯಾಗುವುದಿಲ್ಲ.

ಮೂರನೆಯದು ನನ್ನ ವಾದದ ಬುಡಕ್ಕೇ ತಾಗುವಂಥದು. ಬರೆದದ್ದನ್ನು ಓದಿದರೆ ಎಲ್ಲರಿಗೂ ಒಂದೇ ಅಚ್ಚು ಇರುತ್ತದೆ. ಆಯೋಜಕರಿಗೆ ಸ್ವಂತ ಮಾತಿನ ಸ್ವಾತಂತ್ರ್ಯ ಕೊಟ್ಟರೆ ಅವರ ಒಲವು, ತಾತ್ಸಾರ ಎರಡೂ ಒಳನುಗ್ಗುತ್ತವೆ. ಇದು ಬರೀ ಅನುಮಾನವಲ್ಲ, ಅಳೆದು ನೋಡಿದ ಸಂಗತಿ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ವೈದ್ಯರ ಉಪನ್ಯಾಸಗಳ ವಿಡಿಯೊಗಳನ್ನು ನೋಡಿ ಮಾಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಪುರುಷರು ಪುರುಷ ಉಪನ್ಯಾಸಕರನ್ನು ಪರಿಚಯಿಸುವಾಗ ನೂರರಲ್ಲಿ ಸುಮಾರು 72 ಸಲ ‘ಡಾಕ್ಟರ್’ ಎಂಬ ಬಿರುದನ್ನು ಬಳಸಿದ್ದರು. ಅದೇ ಅರ್ಹತೆಯ ಮಹಿಳೆಯರನ್ನು ಪರಿಚಯಿಸುವಾಗ ಅದು ಸುಮಾರು 49ಕ್ಕೆ ಇಳಿದಿತ್ತು. ಉಳಿದ ಮಹಿಳೆಯರು ಬರಿಯ ಹೆಸರಾಗಿ ಉಳಿದರು. ಹಾಗೆ ಮಾಡಿದವರಿಗೆ ತಾವು ಹಾಗೆ ಮಾಡುತ್ತಿದ್ದೇವೆಂಬ ಅರಿವು ಇದ್ದಿರಲಾರದು. ನಮ್ಮಲ್ಲಿ ಇದರ ರೂಪ ಬೇರೆ. ಪುರುಷರಿಗೆ ‘ಪ್ರೊಫೆಸರ್ ಇಂಥವರು’, ಮಹಿಳೆಗೆ ‘ಮೇಡಂ’. ಎಂಜಿನಿಯರ್‌ಗೆ ‘ಸರ್’, ರೈತರಿಗೆ ‘ನಮ್ಮ ರೈತ ಬಾಂಧವರು’ ಎಂಬ ಸಾಮೂಹಿಕ ಪದ.

ಇದಕ್ಕೆ ಪರಿಹಾರ ಮತ್ತೆ ಸ್ಲೈಡ್ ಓದುವುದಕ್ಕೆ ಮರಳುವುದಲ್ಲ. ಸ್ಲೈಡೂ ಸಮಾನತೆ ಕೊಡುವುದಿಲ್ಲ ಎಂಬುದನ್ನು ಎಂಟು ಸಾಲು ಮತ್ತು ಒಂದು ಸಾಲಿನ ನಡುವೆ ಆಗಲೇ ಕಂಡೆವು. ಪರಿಹಾರವೆಂದರೆ ಆಡುವ ಮಾತನ್ನೂ ಮೊದಲೇ ಬರೆದಿಟ್ಟುಕೊಳ್ಳುವುದು. ಆಶುಭಾಷಣ ಇಲ್ಲಿ ಗುಣವಲ್ಲ. ಐವರಿಗೂ ಒಂದೇ ಚೌಕಟ್ಟು ಇರಲಿ, ಬಿರುದಿನೊಂದಿಗೆ ಪೂರ್ಣ ಹೆಸರು, ಈಗಿನ ಕೆಲಸ, ಪ್ರಶ್ನೆಯೊಂದಿಗಿನ ನಂಟು. ಬರೆದಾದ ಮೇಲೆ ಐದು ಪರಿಚಯಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಯಾವುದು ಗಿಡ್ಡ, ಯಾವುದರಲ್ಲಿ ಬಿರುದು ಬಿಟ್ಟುಹೋಗಿದೆ, ಯಾರಿಗೆ ವಿಶೇಷಣ ಹೆಚ್ಚಾಗಿದೆ ಎಂದು ಕಣ್ಣಿಗೇ ಬೀಳುತ್ತದೆ. ಮಾತಿನ ಬಿಸಿಯಲ್ಲಿ ಬೀಳುವುದಿಲ್ಲ. ಬರೆದದ್ದನ್ನು ಹಿಂದಿನ ದಿನ ಅತಿಥಿಗಳಿಗೆ ಕಳಿಸಿದರೆ ಇನ್ನೊಂದು ಕಣ್ಣೂ ಸಿಗುತ್ತದೆ. ‘ತೀರ್ಮಾನ ಆದ ಸಭೆಗಳಲ್ಲಿ ಇವರಿದ್ದರು’ ಎಂದು ಎಲ್ಲರೆದುರು ಹೇಳುವುದಕ್ಕೆ ಎಂಜಿನಿಯರ್ ಒಪ್ಪದಿರಬಹುದು. ಅದು ಸಂವಾದಕ್ಕೆ ಮೊದಲೇ ಗೊತ್ತಾಗಬೇಕು.

ಇನ್ನು ವೇದಿಕೆಯ ಕೆಲವು ಸಂಗತಿಗಳು. ಸ್ಲೈಡ್ ಹಂಚಿಕೊಂಡಿರುವಷ್ಟು ಹೊತ್ತೂ ಅತಿಥಿಗಳ ಮುಖ ಅಂಚೆಚೀಟಿಯಷ್ಟಕ್ಕೆ ಕುಗ್ಗಿರುತ್ತದೆ. ಐವರ ಸ್ಲೈಡನ್ನು ಓದಿಕೊಳ್ಳಲು ಬೇಕಾದಷ್ಟು ಹೊತ್ತು ಮೌನವಾಗಿ ತೋರಿಸಿ, ತೆಗೆದು, ಆಮೇಲೆ ಮಾತು ಶುರುಮಾಡುವುದು ಒಳ್ಳೆಯದು. ಇಪ್ಪತ್ತು ಸೆಕೆಂಡಿನ ಮೌನ ಆಯೋಜಕರಿಗೆ ದೀರ್ಘವೆನಿಸಬಹುದು, ಓದುತ್ತಿರುವವರಿಗೆ ಹಾಗೆನಿಸುವುದಿಲ್ಲ. ಮೌನ ಕಣ್ಣು ಕಾಣದವರನ್ನು ಗಲಿಬಿಲಿಗೊಳಿಸದಂತೆ ‘ಅತಿಥಿಗಳ ವಿವರ ಈಗ ಪರದೆಯ ಮೇಲಿದೆ, ಚಾಟ್‌ನಲ್ಲೂ ಇದೆ’ ಎಂದು ಒಂದು ಮಾತು ಹೇಳಿದರಾಯಿತು. ಸ್ಲೈಡ್ ಹೋದ ಮೇಲೆ ಪರಿಚಯವಾಗುತ್ತಿರುವವರ ಮುಖವನ್ನು ಸ್ಪಾಟ್‌ಲೈಟ್ ಸೌಲಭ್ಯದಿಂದ ದೊಡ್ಡದು ಮಾಡಬಹುದು. ಇದಕ್ಕೆ ಪರಿಚಯ ಮಾಡುವವರಲ್ಲದೆ ಇನ್ನೊಬ್ಬರು ಬೇಕು, ಮಾತಾಡುತ್ತಾ ಗುಂಡಿ ಒತ್ತಲು ಹೋದರೆ ಎರಡೂ ಕೆಡುತ್ತವೆ. ಮುಖದ ಕೆಳಗೆ ಕಾಣುವ ಹೆಸರನ್ನು ‘ಐಫೋನ್’ ಎಂದೋ ಮನೆಯ ಮಗುವಿನ ಹೆಸರೆಂದೋ ಇರಲು ಬಿಡದೆ, ಅತಿಥಿಯ ಹೆಸರು ಮತ್ತು ಎರಡು ಪದದ ಗುರುತಾಗಿ ಬದಲಿಸಿಡಬೇಕು. ಐದು ನಿಮಿಷ ತಡವಾಗಿ ಸೇರಿದವರಿಗೆ ಪರಿಚಯವೇ ಸಿಕ್ಕಿರುವುದಿಲ್ಲ, ಅವರಿಗೆ ಸಂವಾದದ ಉದ್ದಕ್ಕೂ ಇರುವ ಆಸರೆ ಆ ಒಂದು ಸಾಲು. ಅದರ ಜೊತೆಗೆ ನಡೆಸಿಕೊಡುವವರು ಪ್ರತಿಯೊಬ್ಬರ ಸರದಿ ಬಂದಾಗ ಅರ್ಧ ವಾಕ್ಯದಲ್ಲಿ ಗುರುತನ್ನು ಮತ್ತೆ ಹೇಳಬಹುದು. ‘ಬಾವಿಗಳನ್ನು ಅಳೆದ ಪ್ರೊಫೆಸರ್ ಅವರ ಮಾತಿಗೆ ಈಗ ಬರೋಣ’ ಎಂದರೆ ಅದು ಪುನರುಕ್ತಿಯಲ್ಲ, ಇಪ್ಪತ್ತು ನಿಮಿಷದ ಹಿಂದೆ ಕೇಳಿದ ಐದು ಹೆಸರುಗಳಲ್ಲಿ ಒಂದನ್ನು ಮರೆತವರಿಗೆ ನೆನಪು ಕೊಡುವುದು.

ಕೆಲವು ಸಂದರ್ಭಗಳಲ್ಲಿ ಪೂರ್ಣ ವಿವರ ಓದಲೇಬೇಕಾಗುತ್ತದೆ. ಪದವಿ ಪ್ರದಾನ, ಪ್ರಶಸ್ತಿ ಪ್ರದಾನದಂಥ ಸಮಾರಂಭಗಳಲ್ಲಿ ಸಾಧನೆಯನ್ನು ಎಲ್ಲರೆದುರು ಓದುವುದೇ ಕಾರ್ಯಕ್ರಮ. ಅಲ್ಲಿ ಓದಲಿ. ಸಂವಾದದಲ್ಲಿ ಕಾರ್ಯಕ್ರಮವೆಂದರೆ ನಾಲ್ವರ ಮಾತು.

ಆಯೋಜಕರಲ್ಲಿ ಒಂದು ಕೋರಿಕೆ. ಸ್ವವಿವರ ಮತ್ತು ಭಾವಚಿತ್ರ ಕೇಳಿ ಅತಿಥಿಗಳಿಗೆ ಕಳಿಸುವ ಮಿಂಚಂಚೆಯಲ್ಲಿ ಇನ್ನೆರಡು ಪ್ರಶ್ನೆ ಸೇರಿಸಿ. ಈ ವಿಷಯದಲ್ಲಿ ಉಳಿದ ಮೂವರಿಗೆ ಗೊತ್ತಿರಲಾರದ್ದು, ನಿಮಗೆ ಗೊತ್ತಿರುವುದು ಏನು? ನಿಮ್ಮ ಹೆಸರನ್ನು ಹೇಗೆ ಉಚ್ಚರಿಸಬೇಕು? ಸ್ವವಿವರ ನೇರವಾಗಿ ಸ್ಲೈಡಿಗೆ ಹೋಗಲಿ. ಈ ಎರಡು ಉತ್ತರಗಳನ್ನು ಕೈಯಲ್ಲಿ ಹಿಡಿದು ಮೈಕ್ ತೆರೆಯಿರಿ.